ಲಸಿಕೆ ಹಾಕಿದ್ವಲ್ಲ ಸ್ವಾಮಿ!

ಕೋಳಿ ಸಾಕುವವರ ನಾಲಿಗೆ ತುದಿಯಲ್ಲಿ ಸದಾ ಸಿದ್ಧವಾಗಿರುವ ಒಂದು ಮಾತಿದೆ: "ಲಸಿಕೆ ಹಾಕಿದ್ವಲ್ಲ ಸ್ವಾಮಿ, ಆದ್ರೂ ಹೋದ್ವು!" ಈ ಮಾತಿನ ದ್ವಿತೀಯಾರ್ಧದ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಕೋಳಿಗಳು ಹೋಗಿರುತ್ತವೆ, ತಿಪ್ಪೆಯ ಪಕ್ಕ ತೋಡಿದ ಗುಂಡಿಯೇ ಅದಕ್ಕೆ ಸಾಕ್ಷಿ. ನನ್ನ ತಕರಾರೆಲ್ಲ ಮೊದಲರ್ಧದ ಮೇಲೆ. ಏನನ್ನೋ ಹಾಕಿದ್ದು ನಿಜ. ಹಾಕಿದ್ದು ಲಸಿಕೆಯನ್ನೋ, ಲಸಿಕೆಯ ಹೆಣವನ್ನೋ?

ಹೆಣ ಅಂದದ್ದು ಬಾಯಿ ತಪ್ಪಿ ಅಲ್ಲ. ಕಣ್ಣಿಗೆ ಹನಿ ಹಾಕುವ, ರೆಕ್ಕೆಗೆ ಚುಚ್ಚುವ, ನೀರಲ್ಲಿ ಕುಡಿಸುವ ಲಸಿಕೆಗಳೆಲ್ಲ ಜೀವ ಇರುವಂಥವು. ಕೊಕ್ಕರೆ ರೋಗದ್ದನ್ನೇ ತೆಗೆದುಕೊಳ್ಳಿ. ಕಾಗದಪತ್ರದಲ್ಲಿ ಇದಕ್ಕೆ ರಾಣಿಕೇತ್ ರೋಗ ಎಂದು ಹೆಸರು. ಕುಮಾವೂಂ ಬೆಟ್ಟದ ಆ ಊರಿನ ಪುಣ್ಯ, ಗಿರಿಧಾಮವಾಗಿಯೂ ಹೆಸರು ಮಾಡಿತು, ಕೋಳಿ ಕಾಯಿಲೆಯಾಗಿಯೂ ಮಾಡಿತು. ಆ ರೋಗದ ವೈರಾಣುವಿನ ಸಾಧು ತಳಿಯೊಂದನ್ನು ಒಣಗಿಸಿ ಪುಡಿ ಮಾಡಿ ಸೀಸೆಯಲ್ಲಿಟ್ಟರೆ ಅದೇ ಲಾಸೋಟ. ಅದು ಕೋಳಿಯ ಮೈಯೊಳಗೆ ಹೋಗಿ ಮರಿ ಹಾಕಿ ಹೆಚ್ಚಿದರೆ ಮಾತ್ರ ಕೋಳಿಯ ಮೈ ಎಚ್ಚರಗೊಂಡು ರಕ್ಷಣೆ ಕಟ್ಟಿಕೊಳ್ಳುತ್ತದೆ. ದಾರಿಯಲ್ಲೇ ಸತ್ತರೆ ನೀವು ಕೋಳಿಗೆ ಕೊಟ್ಟದ್ದು ಬರೀ ನೀರು.

ಸಾಯಿಸುವುದು ಕಷ್ಟವೇನಲ್ಲ, ನಮ್ಮ ಭಾವನನ್ನು ಕೇಳಿ. ಲಸಿಕೆಯನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿ, ಐಸ್ ತುಂಬಿದ ಫ್ಲಾಸ್ಕಿನಲ್ಲಿ ತರಬೇಕು. ಭಾವ ತಂದದ್ದು ಪ್ಲಾಸ್ಟಿಕ್ ಕವರಿನಲ್ಲಿ, ಬೈಕಿನ ಹ್ಯಾಂಡಲಿಗೆ ನೇತುಹಾಕಿಕೊಂಡು, ಏಪ್ರಿಲ್ ತಿಂಗಳ ಮಧ್ಯಾಹ್ನ. ದಾರಿಯಲ್ಲಿ ಪರಿಚಯದವರು ಸಿಕ್ಕರು. ಭಾವನಿಗೆ ಪರಿಚಯದವರು ಸಿಗದ ದಾರಿ ಈ ತಾಲೂಕಿನಲ್ಲೇ ಇಲ್ಲ. ಮನೆಗೆ ಬಂದಮೇಲೆ ಮಾತ್ರ ಭಾರಿ ಜಾಗ್ರತೆ: "ಲೇ, ಇದನ್ನ ಫ್ರಿಜ್ಜಲ್ಲಿಡು, ಹುಷಾರು!" ಫ್ರಿಜ್ಜಿನ ಬಾಗಿಲಲ್ಲಿ, ಮಕ್ಕಳು ಗಳಿಗೆಗೊಮ್ಮೆ ತೆಗೆದು ಹಾಕುವ ನೀರಿನ ಬಾಟಲಿಯ ಪಕ್ಕ ಅದಕ್ಕೆ ಜಾಗ ಸಿಕ್ಕಿತು.

ಆ ಲಸಿಕೆ ಏನಾಯಿತು ಅನ್ನುವುದಕ್ಕೆ ಮುಂಚೆ ಚಿಕ್ಕಮ್ಮನ ಅಂಗಳಕ್ಕೆ ಬನ್ನಿ. ಚಿಕ್ಕಮ್ಮ ಕಣ್ಣಿನ ಹನಿಯವರು. ಏಳು ದಿನದ ಮರಿಗಳನ್ನು ಮಂಕರಿಯಡಿ ಮುಚ್ಚಿಟ್ಟು, ಒಂದೊಂದನ್ನೇ ಎತ್ತಿ ಕಣ್ಣಿಗೆ ಹನಿ ಬಿಡುತ್ತಾರೆ. ಕಣ್ಣಿಗೇ ಯಾಕೆ? ತಾಯಿ ಕೋಳಿಗೆ ಲಸಿಕೆ ಆಗಿದ್ದರೆ ಮರಿಯ ರಕ್ತದಲ್ಲಿ ತಾಯಿ ಕೊಟ್ಟ ರಕ್ಷಣೆ ಇನ್ನೂ ಉಳಿದಿರುತ್ತದೆ. ಅದು ಬಂದ ವೈರಾಣುವನ್ನೆಲ್ಲ ಹೊಡೆದು ಹಾಕುತ್ತದೆ. ಇದು ರೋಗ, ಇದು ಲಸಿಕೆ ಎಂಬ ಭೇದ ಅದಕ್ಕೆ ತಿಳಿಯದು. ಕಣ್ಣುಗುಡ್ಡೆಯ ಹಿಂದೆ ಮಾತ್ರ ಹಾರ್ಡೇರಿಯನ್ ಎನ್ನುವ ಗ್ರಂಥಿಯೊಂದಿದೆ. ಅಲ್ಲಿಗೆ ಮುಟ್ಟಿದ ಲಸಿಕೆ ರಕ್ತದ ಕಾವಲಿನ ಕೈಗೆ ಅಷ್ಟಾಗಿ ಸಿಕ್ಕಿಬೀಳದೆ, ಕಣ್ಣು ಮೂಗಿನ ಬಾಗಿಲಲ್ಲೇ ರಕ್ಷಣೆ ಎಬ್ಬಿಸುತ್ತದೆ. ರೋಗ ಒಳಗೆ ಬರುವುದೂ ಹೆಚ್ಚಾಗಿ ಅದೇ ಬಾಗಿಲಿನಿಂದ.

ಚಿಕ್ಕಮ್ಮನ ಕೆಲಸ ನೋಡುವಂಥದು. ಮರಿಯ ತಲೆಯನ್ನು ಪಕ್ಕಕ್ಕೆ ವಾಲಿಸಿ, ಡ್ರಾಪರನ್ನು ನೆಟ್ಟಗೆ ಹಿಡಿದು, ಕಣ್ಣಿಗೆ ತಾಗಿಸದೆ ಒಂದು ಸೆಂಟಿಮೀಟರ್ ಮೇಲಿನಿಂದ ಒಂದೇ ಒಂದು ಹನಿ. ಆಮೇಲೆ ಅವರು ಕಾಯುತ್ತಾರೆ. ಮರಿ ಕಣ್ಣು ಮಿಟುಕಿಸಬೇಕು, ಹನಿ ಒಳಗೆ ಇಳಿದು ಮಾಯವಾಗಬೇಕು. ಅಲ್ಲಿಯವರೆಗೆ ಕೈ ಸಡಿಲಿಸುವುದಿಲ್ಲ. ಅವಸರದವರು ಹನಿ ಬಿದ್ದ ಕೂಡಲೇ ಮರಿಯನ್ನು ಕೆಳಗೆ ಬಿಡುತ್ತಾರೆ. ಮರಿ ತಲೆ ಒದರುತ್ತದೆ, ಲಸಿಕೆ ನೆಲಕ್ಕೆ ಆಗುತ್ತದೆ. ನೆಲಕ್ಕೆ ಕೊಕ್ಕರೆ ರೋಗ ಬರುವುದಿಲ್ಲ, ಅದಕ್ಕೆ ಲಸಿಕೆ ಬೇಕಿಲ್ಲ.

ಇನ್ನೊಂದು ಎಡವಟ್ಟು ಡ್ರಾಪರಿನದು. 100 ಮರಿಯ ಲಸಿಕೆಗೆ ಸುಮಾರು 3 ಎಂಎಲ್ ದ್ರಾವಣ, ಹನಿಯೊಂದಕ್ಕೆ 0.03 ಎಂಎಲ್ ಎಂಬ ಲೆಕ್ಕ ಮಾಡಿ ಕಂಪನಿಯವರು ಅದಕ್ಕೆ ತಕ್ಕ ಡ್ರಾಪರನ್ನೇ ಕೊಟ್ಟಿರುತ್ತಾರೆ. ಅದು ಕಳೆದುಹೋಗಿ, ಅಜ್ಜನ ಕಿವಿ ಔಷಧಿಯ ಹಳೇ ಡ್ರಾಪರು ಕೈಗೆ ಸಿಕ್ಕರೆ ಹನಿ ದೊಡ್ಡದಾಗುತ್ತದೆ, ಅರುವತ್ತನೇ ಮರಿಗೆ ಸೀಸೆ ಖಾಲಿ. ಉಳಿದ ನಲವತ್ತಕ್ಕೆ? "ಸೀಸೆಗೆ ಒಂಚೂರು ನೀರು ಹಾಕಿ ಕುಲುಕು" ಎನ್ನುವ ಸಲಹೆಗಾರರಿಗೆ ಊರಲ್ಲಿ ಬರವಿಲ್ಲ. ದ್ರಾವಣದಲ್ಲಿ ನೀಲಿ ಬಣ್ಣ ಬೆರೆಸಿದ್ದರೆ ಪರೀಕ್ಷೆಯೂ ಸುಲಭ. ಕಣ್ಣಿನ ಹನಿ ಮೂಗಿಗೆ, ಮೂಗಿನಿಂದ ಬಾಯಿಗೆ ಇಳಿಯುತ್ತದೆ. ಹಾಕಿದ ಸ್ವಲ್ಪ ಹೊತ್ತಿನಲ್ಲೇ ಹತ್ತಾರು ಮರಿಗಳ ಬಾಯಿ ಬಿಡಿಸಿ ನಾಲಿಗೆ ನೋಡಿ. ನೀಲಿ ಇಲ್ಲದ ನಾಲಿಗೆ ಚಾಡಿ ಹೇಳಿಬಿಡುತ್ತದೆ.

ಚಾಡಿ ಹೇಳುವುದರಲ್ಲಿ ರೆಕ್ಕೆಯ ಲಸಿಕೆ ಇನ್ನೂ ಮುಂದು. ಕೋಳಿ ಸಿಡುಬಿಗೆ ಆರೇಳು ವಾರದ ವಯಸ್ಸಿನಲ್ಲಿ ಚುಚ್ಚುವ ಲಸಿಕೆ ಇದು. ರೆಕ್ಕೆ ಬಿಡಿಸಿ ಒಳಮಗ್ಗುಲು ನೋಡಿದರೆ ಭುಜಕ್ಕೂ ಮಣಿಕಟ್ಟಿಗೂ ನಡುವೆ ತೆಳ್ಳನೆಯ ಚರ್ಮದ ಪೊರೆ ಕಾಣುತ್ತದೆ, ಚುಚ್ಚಬೇಕಾದ್ದು ಅದನ್ನೇ. ಅದಕ್ಕೆಂದೇ ಎರಡು ಮೊನೆಯ ಸೂಜಿ ಬರುತ್ತದೆ, ಹೊಲಿಗೆ ಮೆಷಿನ್ ಸೂಜಿಯ ಹಾಗೆ ಮೊನೆಯ ಹತ್ತಿರವೇ ಕಣ್ಣು. ಲಸಿಕೆಯಲ್ಲಿ ಅದ್ದಿದರೆ ಆ ಕಣ್ಣಲ್ಲಿ ತುಂಬಿಕೊಂಡದ್ದೇ ಒಂದು ಕೋಳಿಯ ಪಾಲು. ಪುಕ್ಕ ಸರಿಸಿ, ರಕ್ತನಾಳ ಮತ್ತು ಮೂಳೆ ತಪ್ಪಿಸಿ, ಈಚೆಯಿಂದ ಆಚೆಗೆ ಒಂದು ಚುಚ್ಚು. ಪ್ರತಿ ಕೋಳಿಗೂ ಹೊಸದಾಗಿ ಅದ್ದಬೇಕು. ಪುಕ್ಕದ ಮೇಲಿಂದಲೇ ಚುಚ್ಚಿದರೆ ಪುಕ್ಕ ಲಸಿಕೆಯನ್ನು ಒರೆಸಿಕೊಂಡು ಬಿಡುತ್ತದೆ. ಸ್ಪಿರಿಟ್ಟಿನಲ್ಲಿ ಚರ್ಮ ಒರೆಸಿ ಚುಚ್ಚುವ ಅತಿ ಶುಚಿಯವರಿದ್ದಾರೆ, ಅವರು ಲಸಿಕೆಯನ್ನೇ ಕೊಂದಿರುತ್ತಾರೆ.

ಇಲ್ಲಿನ ಸೊಗಸು ಏನೆಂದರೆ ಏಳರಿಂದ ಹತ್ತು ದಿನಕ್ಕೆ ರಸೀದಿ ಸಿಗುತ್ತದೆ. ಚುಚ್ಚಿದ ಜಾಗ ಊದಿಕೊಂಡು ಸಣ್ಣ ಹಕ್ಕಳೆ ಕಟ್ಟಿದರೆ ಲಸಿಕೆ ಹತ್ತಿದೆ ಎಂದರ್ಥ. ಐವತ್ತು ಕೋಳಿ ಹಿಡಿದು ರೆಕ್ಕೆ ಬಿಡಿಸಿ ನೋಡಿ. ಬಹುಪಾಲು ರೆಕ್ಕೆಗಳಲ್ಲಿ ಗುರುತು ಇರಬೇಕು. ಅರ್ಧಕ್ಕರ್ಧ ಬೋಳು ರೆಕ್ಕೆ ಕಂಡರೆ ಒಂದೋ ಲಸಿಕೆ ಸತ್ತಿತ್ತು, ಇಲ್ಲಾ ಚುಚ್ಚಿದವರು ಮಾತಾಡುತ್ತಾ ಚುಚ್ಚಿದ್ದರು, ಅದೂ ಅಲ್ಲವಾದರೆ ಕೋಳಿಗಳಿಗೆ ಮೊದಲೇ ರಕ್ಷಣೆ ಬಂದಿತ್ತು. ಮೂರನೇ ಕಾರಣವನ್ನು ಎಲ್ಲರೂ ಮೊದಲು ಹೇಳುತ್ತಾರೆ.

ಈಗ ಭಾವನ ಕಡೆ ಬರೋಣ. ಹನಿ, ಸೂಜಿ ಎಲ್ಲ ಅವರ ಘನತೆಗೆ ಕಡಿಮೆ. ಇನ್ನೂರು ಗಿರಿರಾಜ, 28ನೇ ದಿನ, ನೀರಿನಲ್ಲಿ ಲಾಸೋಟ. "ಕೋಳಿ ಹಿಡಿಯೋದೇ ಬೇಡ ಕಣಯ್ಯಾ. ನೀರಿಗೆ ಹಾಕು, ಕುಡೀತವೆ, ಮುಗೀತು." ಮೂರು ದಾರಿಗಳಲ್ಲಿ ಇದೇ ಸುಲಭದ್ದು ಎಂದು ನಂಬಿದವರೇ ಹೆಚ್ಚು, ಕೆಡುವುದೂ ಇಲ್ಲೇ ಹೆಚ್ಚು.

ಭಾವ ಪಂಚಾಯ್ತಿ ನಲ್ಲಿಯ ನೀರು ಹಿಡಿದರು. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿ ಎರಡು ದಿನವೂ ಆಗಿರಲಿಲ್ಲ, ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಮನುಷ್ಯರ ಹೊಟ್ಟೆಯ ರೋಗಾಣುವನ್ನು ಕೊಲ್ಲುವ ಕ್ಲೋರಿನ್ನು ಕೋಳಿ ಲಸಿಕೆಗೆ ವಿನಾಯಿತಿ ಕೊಡುತ್ತದೆಯೇ? ಬಾವಿಯ ನೀರೋ ಬೋರಿನ ನೀರೋ ಆಗಬೇಕಿತ್ತು. ಅದಕ್ಕೂ ಲೀಟರಿಗೆ ಎರಡೂವರೆಯಿಂದ ಐದು ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಕದಡಿ, ಕಾಲರ್ಧ ಗಂಟೆ ಬಿಟ್ಟು ಲಸಿಕೆ ಬೆರೆಸಬೇಕು. ನೀರಲ್ಲಿ ಉಳಿದ ಚೂರುಪಾರು ಕ್ಲೋರಿನ್ನನ್ನು ಹಾಲು ಕಟ್ಟಿಹಾಕುತ್ತದೆ. ಭಾವನಿಗೆ ಹಾಲಿನ ಪುಡಿ ಅಂದದ್ದು ತಮಾಷೆಯಾಗಿ ಕೇಳಿಸಿತಂತೆ. "ಕೋಳಿಗೆ ಕಾಫಿ ಮಾಡ್ಕೊಡ್ಲಾ?"

ಎಷ್ಟು ನೀರು? ಸಾವಿರ ಕೋಳಿಗೆ, ವಯಸ್ಸು ಎಷ್ಟು ದಿನವೋ ಅಷ್ಟು ಲೀಟರು ಅನ್ನುವುದು ಕೈಲೆಕ್ಕ. 28 ದಿನದ ಸಾವಿರಕ್ಕೆ 28 ಲೀಟರ್ ಆದರೆ ಇನ್ನೂರಕ್ಕೆ ಐದೂವರೆ ಚಿಲ್ಲರೆ, ಬೇಸಿಗೆಗೆ ಒಂದು ಲೀಟರ್ ಜಾಸ್ತಿ ಇರಲಿ. ಭಾವ ಧಾರಾಳಿ, ಇಪ್ಪತ್ತು ಲೀಟರಿನ ಬಕೆಟ್ ತುಂಬಿಸಿದರು. ಆ ಬಕೆಟ್ಟನ್ನು ಅತ್ತಿಗೆ ಬೆಳಿಗ್ಗೆ ತಾನೇ ಸೋಪಿನ ಪುಡಿಯಲ್ಲಿ ತಿಕ್ಕಿ ಫಳಫಳ ಮಾಡಿದ್ದರು. ಕೋಳಿಗಳಿಗೋ ಬಾಯಾರಿಕೆಯೇ ಇಲ್ಲ. ಒಂದೆರಡು ಗಂಟೆ ನೀರು ತೆಗೆದಿಟ್ಟು ಆಮೇಲೆ ಕೊಡಬೇಕು ಎನ್ನುವುದು ಭಾವನಿಗೆ ಕ್ರೌರ್ಯವಾಗಿ ಕಂಡಿತ್ತು. ಇನ್ನೂರು ಕೋಳಿಗೆ ಎರಡೇ ಡ್ರಿಂಕರು, ಇಟ್ಟದ್ದು ಹನ್ನೊಂದು ಗಂಟೆಗೆ, ಬಿಸಿಲಲ್ಲಿ. ಬಲಿಷ್ಠ ಹುಂಜಗಳು ಮೊದಲು ಕುಡಿದವು. ಉಳಿದವು ಸಂಜೆವರೆಗೆ ಬಂದು ಬಂದು ಕೊಕ್ಕು ಅದ್ದಿ ಹೋದವು. ಬೆರೆಸಿದ ಎರಡು ಗಂಟೆಯೊಳಗೆ ಕುಡಿದು ಮುಗಿಯಬೇಕಾದ ಲಸಿಕೆ ಅದು. ಬೆಳಿಗ್ಗೆ ಆರಕ್ಕೇ, ನೆರಳಿನಲ್ಲಿ, ಮೂರರಲ್ಲಿ ಎರಡು ಪಾಲು ಕೋಳಿ ಒಟ್ಟಿಗೆ ಬಾಯಿ ಹಾಕುವಷ್ಟು ಡ್ರಿಂಕರ್ ಇಟ್ಟಿದ್ದರೆ ಆರೂವರೆ ಲೀಟರು ಹೇಳಹೆಸರಿಲ್ಲದೆ ಖಾಲಿಯಾಗುತ್ತಿತ್ತು.

ಮುಂದಿನ ತಿಂಗಳು ರೋಗ ಬಂತು. ಹಸಿರು ಭೇದಿ, ತಿರುಚಿದ ಕತ್ತು, ಅರ್ಧ ಶೆಡ್ಡು ಖಾಲಿ. ಪಕ್ಕದೂರಲ್ಲಿ ಕೋಳಿ ಸಾಯಲು ಶುರುವಾದ ಮೇಲೆ ಓಡಿಹೋಗಿ ಲಸಿಕೆ ಹಾಕಿಸಿದವರಾದರೆ ಇನ್ನೊಂದು ಮಾತು. ರಕ್ಷಣೆ ಕಟ್ಟಲು ವಾರ ಎರಡು ವಾರ ಬೇಕು, ಒಳಗೆ ಆಗಲೇ ಕೂತ ರೋಗ ಅಷ್ಟು ದಿನ ಕಾಯುವುದಿಲ್ಲ. ಭಾವನಿಗೆ ಆ ನೆಪವೂ ಇರಲಿಲ್ಲ. ಹಾಗಾಗಿ ತೀರ್ಪು ಕೊಟ್ಟೇಬಿಟ್ಟರು: "ಲಸಿಕೇನೇ ಡೂಪ್ಲಿಕೇಟು! ಅಂಗಡಿಯೋನು ಸತ್ತಿದ್ದನ್ನ ಕೊಟ್ಟವ್ನೆ!"

ಬೈಕಿನ ಹ್ಯಾಂಡಲು, ಫ್ರಿಜ್ಜಿನ ಬಾಗಿಲು ನೆನಪಿದ್ದ ನಾನೂ ಅರ್ಧ ಒಪ್ಪುವವನಿದ್ದೆ. ಆಗ ಚಿಕ್ಕಮ್ಮ ಬಾಯಿ ಹಾಕಿದರು. "ಅದ್ಯಾಕಪ್ಪ, ಸೀಸೆ ಮುಚ್ಚಳ ತೆಗೀವಾಗ ಮುಖಕ್ಕೆ ಸಿಡೀತು ಅಂತ ಕಣ್ಣುಜ್ಜಿಕೊಂಡಿದ್ದೆಯಲ್ಲ? ಎರಡು ದಿನಕ್ಕೆ ಕಣ್ಣು ಕೆಂಡ ಆಗಿ, ಒಂದು ವಾರ ಕಪ್ಪು ಕನ್ನಡಕ ಹಾಕ್ಕೊಂಡು ತಿರುಗಲಿಲ್ವಾ?"

ಭಾವ ಸುಮ್ಮನಾದರು. ಕೊಕ್ಕರೆ ರೋಗದ ಜೀವಂತ ಲಸಿಕೆ ಮನುಷ್ಯರ ಕಣ್ಣಿಗೆ ಬಿದ್ದರೆ ಹಾಗೇ ಕಣ್ಣು ಕೆಂಪಾಗುತ್ತದೆ, ವಾರದೊಳಗೆ ತಾನಾಗಿಯೇ ಇಳಿಯುತ್ತದೆ. ಲಸಿಕೆ ಹಾಕಿದ ಕೈಯನ್ನು ಸೋಪಲ್ಲಿ ತೊಳೆಯದೆ ಕಣ್ಣು ಮುಟ್ಟಬೇಡಿ ಅನ್ನುವುದು ಅದಕ್ಕೇ. ಕೆಂಗಣ್ಣಿಗೆ ಬೇರೆ ಕಾರಣವೂ ಇರಬಹುದು, ಕೋರ್ಟಿನಲ್ಲಿ ಈ ಸಾಕ್ಷಿ ನಿಲ್ಲಲಿಕ್ಕಿಲ್ಲ. ಚಿಕ್ಕಮ್ಮನ ಜಗಲಿಯಲ್ಲಿ ಮಾತ್ರ ನಿಂತಿತು. ಸೀಸೆಯಿಂದ ಹೊರಬಿದ್ದಾಗ ಲಸಿಕೆಗೆ ಜೀವ ಇತ್ತು. ಸತ್ತದ್ದು ಬಕೆಟ್ಟಿನಲ್ಲಿ.

"ಅಂಗಡಿಯವನನ್ನ ಬೈಬೇಡ ಕಣಪ್ಪ" ಎಂದರು ಚಿಕ್ಕಮ್ಮ. "ಇನ್ನೂರು ಕೋಳೀಲಿ ಒಂದಕ್ಕೂ ಹತ್ತದೆ ಇದ್ರೂ, ಮನೆ ಯಜಮಾನನಿಗೆ ಸರಿಯಾಗಿ ಹತ್ತಿದೆ."