ಎಂಟರ ಸುತ್ತೋಲೆ

ಕಲಬುರಗಿ ಕಡೆ ಬೇಸಿಗೆ ಬಂತೆಂದು ಅಧಿಕೃತವಾಗಿ ಹೇಳುವುದು ಸೂರ್ಯನಲ್ಲ, ಸುತ್ತೋಲೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಕಾರಣಕ್ಕೆ ‘ತೀವ್ರ ಬಿಸಿಲಿನ ಹಿನ್ನೆಲೆಯಲ್ಲಿ’ ಎಂಬಷ್ಟೇ ಸಾಕು. ಉಳಿದದ್ದನ್ನು ಓದುವವರ ಬೆವರೇ ವಿವರಿಸುತ್ತದೆ.

ಸಿಬ್ಬಂದಿ ಮೊದಲು ಹುಡುಕುವುದು 1.30 ಅನ್ನು. 8 ಕಣ್ಣಿಗೆ ಬೀಳುವುದು ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿ ಬಿದ್ದ ಮೇಲೆ. ‘ಏಪ್ರಿಲ್ 1ರಿಂದ’ ಎಂದಷ್ಟೇ ಬರೆದು ‘ಮೇ 31ರವರೆಗೆ’ ಎಂಬುದನ್ನು ಬಿಟ್ಟರಂತೂ ಮುಗಿಯಿತು. ಜೂನ್‌ನಲ್ಲೂ ಮಧ್ಯಾಹ್ನವೇ ಚೀಲ ಹೆಗಲೇರುತ್ತದೆ. ಬೆಳಿಗ್ಗೆ ಮಾತ್ರ ಹಳೆಯ ಹತ್ತು ಗಂಟೆ ತಾನಾಗಿ ನೆನಪಾಗುತ್ತದೆ.

ಸಹಿಯಾದ ಪ್ರತಿ ಸೇರುವುದು ಸೂಚನಾ ಫಲಕಕ್ಕೆ. ಫಲಕ ಇರುವುದು ಬೀಗ ಹಾಕಿದ ಬಾಗಿಲಿನ ಒಳಗೆ! ಪಹಣಿ ತಿದ್ದಿಸಲು ಎರಡು ಗಂಟೆಗೆ ಬಸ್ಸಿಳಿದ ಮುತ್ಯಾ ಅದನ್ನು ಓದುವುದೆಲ್ಲಿ?

“ಸಾಹೇಬ್ರು ಊಟಕ್ಕ ಹೋಗ್ಯಾರೇನೋ ತಮ್ಮಾ?”

“ಹೌದು ಮುತ್ಯಾ,” ಎನ್ನುತ್ತಾನೆ ಚಹಾದಂಗಡಿಯವ, “ನಾಳಿ ಎಂಟಕ್ಕ ಬರ್ತಾರ.”