ಶೇಕಡಾ ಮೇಷ್ಟ್ರು

ವಾರ್ಷಿಕೋತ್ಸವದ ದಿನ ನಮ್ಮೂರ ಹೈಸ್ಕೂಲಿನಲ್ಲಿ ಜನ ಹೆದರುವುದು ಎರಡಕ್ಕೆ: ಕರೆಂಟು ಹೋಗುವುದಕ್ಕೆ, ಹೆಡ್‌ಮಾಸ್ಟ್ರು ವರದಿ ಓದಲು ಏಳುವುದಕ್ಕೆ. ಕರೆಂಟಾದರೆ ಅರ್ಧ ಗಂಟೆಯಲ್ಲಿ ಬಂದುಬಿಡುತ್ತದೆ.

ಈ ಸಲ ಅವರು ಎದ್ದಾಗ ಪರದೆಯ ಹಿಂದೆ ಕೋಲಾಟದ ಹುಡುಗಿಯರು ತಯಾರಾಗಿ ನಿಂತಿದ್ದರು. ಸಂಗೊಳ್ಳಿ ರಾಯಣ್ಣನ ಮೀಸೆ ಆಗಲೇ ಬೆವರಿಗೆ ಕರಗತೊಡಗಿತ್ತು. ಮೇಷ್ಟ್ರು ಮೈಕನ್ನು ಮೂರು ಸಲ ಬೆರಳಿನಿಂದ ಕುಟ್ಟಿ, ಕನ್ನಡಕವನ್ನು ಮೂಗಿನ ತುದಿಗಿಳಿಸಿ, "ಸ್ವಾಗತ, ವಂದನೆ ಎಲ್ಲ ಆಯಿತು. ಈಗ ಲೆಕ್ಕ" ಎಂದರು. ಮುಂದಿನ ಸಾಲಿನ ಎಸ್‌ಡಿಎಂಸಿ ಅಧ್ಯಕ್ಷರು ಕೊರಳಲ್ಲಿದ್ದ ಹಾರ ತೆಗೆದು ಪಕ್ಕಕ್ಕಿಟ್ಟರು. ಅವರಿಗೆ ಅನುಭವವಿದೆ.

"ನಮ್ಮ ಶಾಲೆಯ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇಕಡಾ 85, ಮರುವರ್ಷ 80, 2025ರಲ್ಲಿ 69. ಬಿದ್ದೂ ಬಿದ್ದೂ ಪಾತಾಳಕ್ಕೆ ಹೋಗ್ತಿದೆ ಅಂತ ಅಧ್ಯಕ್ಷರು ಹೋಟೆಲಿನಲ್ಲಿ ಹೇಳಿದ್ರಂತೆ. ಅಂದರೆ ಏನರ್ಥ?"

'ಅಂದರೆ ಏನರ್ಥ' ಎಂಬುದು ಮೇಷ್ಟ್ರ ಪಲ್ಲವಿ. ಉತ್ತರ ಯಾರೂ ಕೊಡುವುದಿಲ್ಲ, ಅವರೂ ಕಾಯುವುದಿಲ್ಲ.

"ಶೇಕಡಾ ಬಿಡಿ, ತಲೆ ಎಣಿಸೋಣ. 2023ರಲ್ಲಿ 40 ಮಕ್ಕಳು ಕೂತರು, 34 ಪಾಸು. 2024ರಲ್ಲಿ 30ಕ್ಕೆ 24. ಈ ಸಲ 36ಕ್ಕೆ 25. ನಮ್ಮಂಥ ಸಣ್ಣ ಶಾಲೆಯಲ್ಲಿ ಒಬ್ಬ ಹುಡುಗನಿಗೆ ಪರೀಕ್ಷೆ ದಿನ ಜ್ವರ ಬಂದರೆ ಶೇಕಡಾ 3 ಹೋಯ್ತು. ಅದು ಶಾಲೆಯ ಜ್ವರ ಅಲ್ಲ."

ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಮುಗಿಯಿತೆಂದುಕೊಂಡಿದ್ದರು, ಪಾಪ.

"ಈಗ ಗುಟ್ಟು ಕೇಳಿ. 2024ರಲ್ಲಿ ಕೊಠಡಿಗೊಂದು ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಅಂದ್ರು. ರಾಜ್ಯದ ಫಲಿತಾಂಶ 83.89ರಿಂದ 73.40ಕ್ಕೆ ಇಳೀತು. ಅದೂ ಹಾಗೇ ಬಂದದ್ದಲ್ಲ. ಕೃಪಾಂಕ ಶೇಕಡಾ 10 ಇದ್ದದ್ದನ್ನು 20 ಮಾಡಿದರು. ಅದು ಸಿಗಬೇಕಾದರೆ ಒಟ್ಟು ಅಂಕ 35 ಪರ್ಸೆಂಟ್ ಇರಬೇಕಿತ್ತು, 25 ಇದ್ದರೂ ಸಾಕು ಅಂದ್ರು. ನಮ್ಮ 24ರಲ್ಲಿ ಐವರು ದಡ ಸೇರಿದ್ದು ಆ ದೋಣಿಯಲ್ಲಿ. ಮರುವರ್ಷ ದೋಣಿ ವಾಪಸ್ ತಗೊಂಡ್ರು. ಈ ಸಲದ 25 ಮಂದಿಯೂ ಈಜಿಕೊಂಡು ಬಂದವರು. ಹೋದ ಸಲ ಈಜಿ ಬಂದವರು 30ಕ್ಕೆ 19, ಅಂದರೆ 63. ಈ ಸಲ 69. ಅಧ್ಯಕ್ಷರೇ, ನಾವು ಬಿದ್ದೆವೋ, ಎದ್ದೆವೋ?"

ಅಧ್ಯಕ್ಷರು ಹಾರವನ್ನು ಮತ್ತೆ ಕೊರಳಿಗೆ ಹಾಕಿಕೊಂಡರು. ರಾಜ್ಯದಲ್ಲೂ ಇದೇ ಕಥೆ. ಮೇಲ್ನೋಟಕ್ಕೆ 73ರಿಂದ 62ಕ್ಕೆ ಕುಸಿತ, ಕೃಪಾಂಕ ಕಳೆದರೆ ಸುಮಾರು 53ರಿಂದ 62ಕ್ಕೆ ಏರಿಕೆ. ಸಚಿವರು ಪತ್ರಿಕೆಯವರಿಗೆ ಹೇಳಿದ್ದನ್ನೇ ನಮ್ಮ ಮೇಷ್ಟ್ರು ದೋಣಿ ಹತ್ತಿಸಿ ಹೇಳಿದ್ದರು.

"ಹಾಗಾದ್ರೆ ಆ 85?" ಎಂದು ನಿವೃತ್ತ ಪೋಸ್ಟ್‌ಮಾಸ್ಟರು ಕೂತಲ್ಲಿಂದಲೇ ಕೇಳಿದರು.

ಮೇಷ್ಟ್ರು ಕನ್ನಡಕ ತೆಗೆದು ಶಾಲಿನ ಅಂಚಿನಲ್ಲಿ ಒರೆಸಿದರು. "ಆಗ ಕ್ಯಾಮೆರಾ ಇರಲಿಲ್ಲ. ಕಿಟಕಿಗಳಿದ್ದವು. ಎಷ್ಟು ನಮ್ಮದು, ಎಷ್ಟು ಕಿಟಕಿಯದು ಅಂತ ನಾನು ಲೆಕ್ಕ ಹಾಕಿಲ್ಲ."

ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ಚೀಟಿ ತಿರುವಿ ಫೇಲಾದ ಹನ್ನೊಂದು ಮಂದಿಯ ಗಣಿತದ ಅಂಕ ಓದತೊಡಗಿದರು, ಹೆಸರಿಲ್ಲದೆ. "ಒಂದು ಮಗುವಿಗೆ ಆಂತರಿಕ ಅಂಕ 20ಕ್ಕೆ 19. ಪತ್ರಿಕೆಯಲ್ಲಿ 80ಕ್ಕೆ 17, ಬೇಕಾಗಿದ್ದದ್ದು 28. ಆ 19 ಕೊಟ್ಟವರು ನಾವೇ. ವರ್ಷಪೂರ್ತಿ ಚೆನ್ನಾಗಿದೆ ಅಂತ ನಾವು ಹೇಳುತ್ತಲೇ ಬಂದೆವು, ಮಾರ್ಚಿನಲ್ಲಿ ಪೇಪರು ಇಲ್ಲ ಅಂತು." ವೇದಿಕೆಯ ತುದಿಯಲ್ಲಿ ಗಣಿತದ ಮೇಡಂ ಸೀರೆಯ ನೆರಿಗೆ ಎಣಿಸುತ್ತಿದ್ದರು. ನನಗೆ ಗೊತ್ತಿದ್ದಂತೆ ಮೈಕಿನಲ್ಲಿ ಇದನ್ನು ಹೇಳಿದ ಹೆಡ್‌ಮಾಸ್ಟರು ಇವರೊಬ್ಬರೇ. ಆಂತರಿಕ ಅಂಕದ ಪಟ್ಟಿಗೆ ಸಹಿ ಹಾಕಿದ್ದೂ ಇವರೇ ಎಂಬುದು ಬೇರೆ ಮಾತು.

"ಕೊನೆಯದಾಗಿ," ಎಂದರು. ಇದು ಮೂರನೆಯ ಕೊನೆ. "ಈ ಸಲ ಮೂರು ಪರೀಕ್ಷೆ ಇದ್ದವು. ಹನ್ನೊಂದರಲ್ಲಿ ನಾಲ್ವರು ಎರಡನೆಯದರಲ್ಲಿ ಪಾಸಾದರು. ಅವರನ್ನೂ ಸೇರಿಸಿದರೆ 36ಕ್ಕೆ 29, ಶೇಕಡಾ 80 ಚಿಲ್ಲರೆ. ಹೆಚ್ಚೂಕಡಿಮೆ ಹೋದ ಸಲದಷ್ಟೇ! ಅಂದರೆ ಏನರ್ಥ?"

ಅಷ್ಟರಲ್ಲಿ ಕರೆಂಟು ಹೋಯಿತು. ಕತ್ತಲಲ್ಲಿ, ಮೈಕಿಲ್ಲದೆ, ಮೇಷ್ಟ್ರ ದನಿ ಇನ್ನೂ ಕೇಳುತ್ತಿತ್ತು: ಮೂರನೇ ಪರೀಕ್ಷೆ ಬರೆದವರು ಐದು ಮಂದಿ, ಉಳಿದಿಬ್ಬರು ಗಾರೆ ಕೆಲಸಕ್ಕೆ ಹೋಗುತ್ತಿದ್ದಾರೆ, ಅವರ ಮನೆ ಗೊತ್ತಿದ್ದವರು ನಾಳೆ ಹತ್ತು ಗಂಟೆಗೆ ಆಫೀಸಿಗೆ ಬಂದು ಹೇಳಿ.