ಗೈಡ್‌ಗೊಂದು ಮಿಂಚಂಚೆ

ಎಂ.ಎ. ನಾಲ್ಕನೇ ಸೆಮಿಸ್ಟರಿನ ಹುಡುಗನೊಬ್ಬ ತನ್ನ ಗೈಡ್ ಮೇಡಂಗೆ ಬರೆದ ಮಿಂಚಂಚೆಯನ್ನು, ‘ಒಮ್ಮೆ ನೋಡಿ ಹೇಳಿ ಸರ್’ ಎಂದು ನನ್ನ ಮುಂದೆ ಹಿಡಿದ. ಓದಿದೆ: ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಮ್ರವಾಗಿ ವಿನಂತಿಸಿಕೊಳ್ಳುವುದೇನೆಂದರೆ, ನನ್ನ ಪ್ರಬಂಧದ ವಿಚಾರವಾಗಿ ತಮ್ಮನ್ನು ಕಾಣಬೇಕಾಗಿದ್ದು, ತಾವು ದಯಮಾಡಿ ಯಾವಾಗ ಬೇಕಾದರೂ ಸಮಯ ನೀಡಬೇಕೆಂದು ಕೋರುತ್ತಾ...’ ಮೇಲೆ ಕಣ್ಣಾಡಿಸಿದೆ. ವಿಷಯದ ಜಾಗ ಖಾಲಿ. ಇಲ್ಲದ ‘ಮೇಲ್ಕಂಡ ವಿಷಯ’ಕ್ಕೇ ಹುಡುಗ ಇಷ್ಟು ಬಾಗಿದ್ದಾನೆ; ವಿಷಯ ಇದ್ದಿದ್ದರೆ ನೆಲಕ್ಕೇ ಬೀಳುತ್ತಿದ್ದನೇನೋ!

ತಪ್ಪು ಅವನದಲ್ಲ ಬಿಡಿ. ನಾವೆಲ್ಲ ಹೈಸ್ಕೂಲಿನಲ್ಲಿ ಕಲಿತದ್ದು ಒಂದೇ ಪತ್ರ, ಜ್ವರದ ರಜಾ ಚೀಟಿ. ಅದನ್ನೇ ಹಿಗ್ಗಿಸಿ ತಹಶೀಲ್ದಾರರಿಗೂ ಗೈಡ್‌ಗೂ ಬರೆಯುತ್ತೇವೆ.

ಅಷ್ಟು ವಿನಯ ಸುರಿದರೂ ಈ ಓಲೆ ಮೇಡಂಗೆ ತೊಂದರೆಯನ್ನೇ ಕೊಡುತ್ತದೆ. ಬರೆದವನು ಯಾರು, ಯಾವ ಪ್ರಬಂಧ, ಸಿಕ್ಕಿಬಿದ್ದದ್ದು ಎಲ್ಲಿ, ಎಷ್ಟು ಹೊತ್ತು ಬೇಕು, ಎಲ್ಲವನ್ನೂ ಅವರೇ ಊಹಿಸಬೇಕು. ‘ಯಾವಾಗ ಬೇಕಾದರೂ’ ಎನ್ನುವುದು ಉದಾರವಾಗಿ ಕೇಳಿಸುತ್ತದೆ, ಆದರೆ ದಿನ ಹುಡುಕುವ ಕೆಲಸವನ್ನು ಮೇಡಂ ತಲೆಗೇ ಕಟ್ಟುತ್ತದೆ. ಕೈಕೆಳಗೆ ಆರೇಳು ಮಂದಿ ಇರುವ ಗೈಡ್ ಇಂಥದ್ದನ್ನು ‘ಆಮೇಲೆ ನೋಡೋಣ’ ಎಂದು ಬದಿಗಿಡುತ್ತಾರೆ. ಆ ‘ಆಮೇಲೆ’ ಯಾವತ್ತು ಬಂದಿದೆ?

‘ನಿನಗೆ ನಿಜವಾಗಿ ಏನಪ್ಪಾ ಬೇಕು?’ ಎಂದೆ. ಆಗ ಬಾಯಿಬಿಟ್ಟ. ವಿಜಯಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಸ್ವಸಹಾಯ ಸಂಘದ ಸಾಲ ಏನಕ್ಕೆ ಖರ್ಚಾಯಿತು ಎಂಬ ಸಮೀಕ್ಷೆ. ಆರಿಸಿದ್ದು 60 ಮನೆ, ಮುಗಿದದ್ದು 48. ಉಳಿದ 12 ಮನೆಯವರು ಕಬ್ಬು ಕಡಿಯಲು ಗುಳೆ ಹೋಗಿದ್ದಾರೆ, ಬಾಗಿಲಿಗೆ ಬೀಗ. ಪಕ್ಕದ ಮನೆಗಳನ್ನು ಸೇರಿಸಿ ಲೆಕ್ಕ ತುಂಬಿಸಿಬಿಡಲೇ ಎಂಬುದು ಅವನ ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ. ಸಾಲದ ಒತ್ತಡಕ್ಕೇ ಊರು ಬಿಟ್ಟವರಿದ್ದರೆ, ಅವರ ಬದಲು ಊರಲ್ಲಿರುವವರನ್ನು ಸೇರಿಸಿದಾಗ ಕಷ್ಟದ ಮನೆಗಳೇ ಲೆಕ್ಕದಿಂದ ಮಾಯವಾಗುತ್ತವೆ. ಇಂಥ ಪ್ರಶ್ನೆಯನ್ನು ‘ಪ್ರಬಂಧದ ವಿಚಾರವಾಗಿ’ ಎಂಬ ಕಂಬಳಿಯೊಳಗೆ ಮುಚ್ಚಿಟ್ಟಿದ್ದ ಪುಣ್ಯಾತ್ಮ!

ಕೂತು ಮತ್ತೆ ಬರೆಸಿದೆ:

‘ವಿಷಯ: ಎಂ.ಎ. ಪ್ರಬಂಧ – ಸಮೀಕ್ಷೆಗೆ ಸಿಗದ 12 ಮನೆಗಳ ಬಗ್ಗೆ ಚರ್ಚಿಸಲು 20 ನಿಮಿಷದ ಭೇಟಿ ಕೋರಿ

ಮಾನ್ಯ ಮೇಡಂ, ನಮಸ್ಕಾರ.

ಸ್ವಸಹಾಯ ಸಂಘಗಳ ಸಾಲದ ಬಳಕೆ ಕುರಿತು ನಿಮ್ಮ ಮಾರ್ಗದರ್ಶನದಲ್ಲಿ ಪ್ರಬಂಧ ಸಿದ್ಧಪಡಿಸುತ್ತಿದ್ದೇನೆ. 60 ಮನೆಗಳಲ್ಲಿ 48ರ ಸಮೀಕ್ಷೆ ಮುಗಿದಿದೆ. ಉಳಿದ 12 ಕುಟುಂಬಗಳು ಗುಳೆ ಹೋಗಿವೆ. ಅವುಗಳ ಬದಲು ಬೇರೆ ಮನೆಗಳನ್ನು ಸೇರಿಸಬೇಕೇ, ಅವರು ಮರಳುವವರೆಗೆ ಕಾಯಬೇಕೇ ಎಂಬ ಬಗ್ಗೆ ನಿಮ್ಮ ಸಲಹೆ ಬೇಕಿದೆ. ಕಾಯುವುದೇ ಸರಿ ಎಂದು ನನಗೆ ತೋರುತ್ತದೆ. ಆದರೆ ಪ್ರಬಂಧ ಒಪ್ಪಿಸುವ ದಿನ ಹತ್ತಿರವಿದೆ.

12ನೇ ತಾರೀಖು ಬುಧವಾರ ಮಧ್ಯಾಹ್ನ 3ರ ನಂತರ ಅಥವಾ 13, ಗುರುವಾರ ಬೆಳಿಗ್ಗೆ 11ಕ್ಕೆ ನಿಮ್ಮನ್ನು ಕಾಣಬಹುದೇ? ಎರಡೂ ಆಗದಿದ್ದರೆ ನೀವು ತಿಳಿಸಿದ ಸಮಯಕ್ಕೆ ಬರುತ್ತೇನೆ. ಒಂದು ಪುಟದ ಟಿಪ್ಪಣಿ ಲಗತ್ತಿಸಿದ್ದೇನೆ.

ವಂದನೆಗಳೊಂದಿಗೆ,’

ಕೆಳಗೆ ಹೆಸರು, ಸೆಮಿಸ್ಟರ್, ನೋಂದಣಿ ಸಂಖ್ಯೆ, ಫೋನ್.

‘ವಿನಮ್ರ ಎಲ್ಲೂ ಬರಲಿಲ್ವಲ್ಲ ಸರ್’ ಎಂದು ಹುಡುಗನಿಗೆ ಕಳವಳ. ‘ಮಾನ್ಯ’ ಇದೆ, ‘ನಮಸ್ಕಾರ’ ಇದೆ, ‘ಕಾಣಬಹುದೇ’ ಎಂದು ಕೇಳಿದ್ದೀಯೇ ಹೊರತು ‘ಸಮಯ ಕೊಡಿ’ ಎಂದಿಲ್ಲ; ಸಾಕು ಎಂದೆ. ಮೇಡಂ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲೇ ಒಂದು ಸಾಲಿನ ಉತ್ತರ ಕೊಡಬಹುದು. ಅದಕ್ಕಿಂತ ದೊಡ್ಡ ಮರ್ಯಾದೆ ಯಾವುದು? ‘ಕಾಯುವುದೇ ಸರಿ ಎಂದು ತೋರುತ್ತದೆ’ ಎಂಬ ವಾಕ್ಯವನ್ನು ಅಧಿಕಪ್ರಸಂಗವೆಂದು ಅಳಿಸಹೊರಟಿದ್ದ. ನಾನೇ ಕೈ ಹಿಡಿದೆ. ಸ್ವಲ್ಪ ಯೋಚಿಸಿ ಬಂದ ವಿದ್ಯಾರ್ಥಿಗೆ ಸಲಹೆ ಕೊಡಲು ಗೈಡ್‌ಗಳಿಗೂ ಹುರುಪು.

ಕಳಿಸುವ ಮುನ್ನ ಲಗತ್ತು ಏರಿದೆಯೇ ನೋಡು ಎಂದೆ. ಏರಿರಲಿಲ್ಲ. ಏರಿಸಿದ, ಕಡತದ ಹೆಸರು ‘ಫೈನಲ್ ಹೊಸದು 3’! ಅದನ್ನು ತಿದ್ದಿ, ಅವನ ಹೆಸರನ್ನೂ ‘ಸಮೀಕ್ಷೆ ಟಿಪ್ಪಣಿ’ ಎಂಬುದನ್ನೂ ಇಡಿಸಿದ್ದಾಯಿತು.

ಕಳಿಸಿ ಎರಡು ನಿಮಿಷವಾಗಿಲ್ಲ, ‘ಮೇಲ್ ನೋಡಿ ಮೇಡಂ ಅಂತ ವಾಟ್ಸಾಪ್ ಮಾಡಲಾ ಸರ್?’ ಎಂದ. ಬೇಡವೋ ಮಾರಾಯ! ನಾಲ್ಕೈದು ಕೆಲಸದ ದಿನ ಬಿಡು; ಆಮೇಲೂ ಉತ್ತರ ಬರದಿದ್ದರೆ ಅದೇ ಮಿಂಚಂಚೆಗೆ ಪ್ರತ್ಯುತ್ತರವಾಗಿ ಎರಡು ಸಾಲು ನೆನಪಿಸು, ಹೊಸ ದಿನಗಳನ್ನು ಕೊಟ್ಟು.

ನೆನಪಿಸುವ ಪ್ರಮೇಯ ಬರಲಿಲ್ಲ. ಸಂಜೆಗೇ ಉತ್ತರ: ‘ಬುಧವಾರ 3.30. ಗುಳೆ ಹೋದವರ ಸಾಲದ ವಿವರ ಸಂಘದ ಪುಸ್ತಕದಲ್ಲಿ ಇರುತ್ತದೆ, ಬರೆದುಕೊಂಡು ಬಾ.’ ಹುಡುಗ ಹಿಗ್ಗಿ ಕುಣಿದ. ‘ಕುಣಿತ ಇರಲಿ, ಬರುತ್ತೇನೆ ಅಂತ ಮೊದಲು ಒಂದು ಸಾಲು ಬರಿ’ ಎಂದೆ. ಬರೆದ: ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ...’